ಮಾತ್ರೆ ನುಂಗಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಕಲೆ: ಯಾರಿಗೆ ತಿಳಿಸಬೇಕು?



ಔಷಧದಿಂದ ಆಗುವ ತೊಂದರೆಗಳಲ್ಲಿ ಅಂಗಡಿಯವರೇ ಗುರುತು ಹಿಡಿಯಬಹುದಾದ ಒಂದನ್ನು ಮಾತ್ರ ಈ ಸಲ ವಿವರಿಸುತ್ತೇನೆ. ವೈದ್ಯರು ಇದನ್ನು ‘ಫಿಕ್ಸೆಡ್ ಡ್ರಗ್ ಎರಪ್ಷನ್’ ಎನ್ನುತ್ತಾರೆ. ಒಂದು ಔಷಧ ತೆಗೆದುಕೊಂಡಾಗಲೆಲ್ಲ ಚರ್ಮದ ಅದೇ ಜಾಗದಲ್ಲಿ ದುಂಡನೆಯ ಕೆಂಪು ಅಥವಾ ನೇರಳೆ ಬಣ್ಣದ ಮಚ್ಚೆ ಏಳುತ್ತದೆ, ಉರಿಯುತ್ತದೆ, ಕೆಲವೊಮ್ಮೆ ಬೊಬ್ಬೆ ಬರುತ್ತದೆ. ವಾಸಿಯಾದ ಮೇಲೂ ಕಪ್ಪು ಕಲೆ ಉಳಿಯುತ್ತದೆ. ತುಟಿ, ಕೈ, ಗುಪ್ತಾಂಗಗಳಲ್ಲಿ ಹೆಚ್ಚು. ನಮ್ಮವರು ಸಾಮಾನ್ಯವಾಗಿ ‘ಉಷ್ಣ ಆಗಿದೆ’ ಎಂದು ಎಳನೀರು ಕುಡಿದು ಸುಮ್ಮನಾಗುತ್ತಾರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರಾಯಕೋಟೆಯ ಟೊಮೆಟೊ ಮಂಡಿಯಲ್ಲಿ ದುಡಿಯುವ ನಲವತ್ತು ವರ್ಷದವರೊಬ್ಬರು. ಭೇದಿಗೆಂದು ಮಾತ್ರೆ ತೆಗೆದುಕೊಂಡರು. ಕೆಲವು ದಿನಗಳ ನಂತರ ಕೆಳದುಟಿಯಲ್ಲಿ ಮಚ್ಚೆ ಎದ್ದಿತು. ಆರು ತಿಂಗಳಾದ ಮೇಲೆ ಬೆಂಗಳೂರಿಗೆ ಹೋದಾಗ ಮತ್ತೆ ಭೇದಿ, ಬೇರೆ ಹೆಸರಿನ ಮಾತ್ರೆ. ಈ ಸಲ ನಾಲ್ಕೇ ಗಂಟೆಯಲ್ಲಿ ಅದೇ ತುಟಿ, ಅದೇ ಜಾಗ, ಜೊತೆಗೆ ಮಣಿಕಟ್ಟಿನಲ್ಲೂ ಒಂದು. ಊರಿಗೆ ಬಂದು ಮೆಡಿಕಲ್ ಶಾಪಿನಲ್ಲಿ ‘ತುಟಿಗೆ ಏನಾದರೂ ಮುಲಾಮು ಕೊಡಿ ಅಣ್ಣಾ’ ಎಂದರು. ಅಂಗಡಿಯವರು ಮುಲಾಮು ತೆಗೆಯುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಇದು ಬರುವ ಮೊದಲು ಏನು ಮಾತ್ರೆ ತೆಗೆದುಕೊಂಡಿರಿ?’

ಎರಡು ಸಲದ ಮಾತ್ರೆಗಳ ಹೆಸರು ಬೇರೆ ಬೇರೆ. ಆದರೆ ಪಟ್ಟಿಯ ಹಿಂದಿನ ಸಣ್ಣಕ್ಷರ ಓದಿದರೆ ಎರಡರಲ್ಲೂ ಇದ್ದದ್ದು ಆಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್. ಮೊದಲ ಸಲ ತಡವಾಗಿ ಬಂದು, ಎರಡನೇ ಸಲ ಗಂಟೆಗಳಲ್ಲೇ ಅದೇ ಜಾಗಕ್ಕೆ ಬಂದದ್ದು ಅನುಮಾನಕ್ಕೆ ಗಟ್ಟಿ ಕಾರಣ. ಎರಡರಲ್ಲಿ ಯಾವುದು ಎಂದು ಅಂಗಡಿಯವರು ತೀರ್ಮಾನಿಸಬೇಕಿಲ್ಲ. ಎರಡನ್ನೂ ಶಂಕಿತ ಔಷಧವೆಂದೇ ಬರೆಯಬೇಕು. ಅದೇ ದಿನ ಜ್ವರಕ್ಕೆ ನುಂಗಿದ ಪ್ಯಾರಾಸಿಟಮಾಲ್ ಅನ್ನೂ ಬಿಡಬಾರದು, ಅದೂ ಅಪರೂಪಕ್ಕೆ ಹೀಗೆ ಮಾಡುವುದುಂಟು. ಪರೀಕ್ಷಿಸಲೆಂದು ಮತ್ತೊಮ್ಮೆ ಆ ಮಾತ್ರೆ ಕೊಡುವ ಹಾಗೇ ಇಲ್ಲ.

ಬಾಯಿ, ಕಣ್ಣುಗಳಲ್ಲಿ ಹುಣ್ಣು, ಮೈತುಂಬ ಬೊಬ್ಬೆ, ಚರ್ಮ ಸುಲಿಯುವುದು, ಜ್ವರ ಕಂಡರೆ ಅದು ಬೇರೆಯೇ ವಿಷಯ. ಫಾರಂ ಆಮೇಲೆ, ಮೊದಲು ಆಸ್ಪತ್ರೆ. ಇನ್ನು ಮೂರ್ಛೆರೋಗ, ಬಿ.ಪಿ.ಯಂಥ ದಿನನಿತ್ಯದ ಮಾತ್ರೆಗಳ ಮೇಲೆ ಅನುಮಾನ ಬಂದರೆ ತಾವಾಗಿಯೇ ನಿಲ್ಲಿಸದೆ ಅಂದೇ ವೈದ್ಯರನ್ನು ಕೇಳಬೇಕು.

ವರದಿ ಎಲ್ಲಿಗೆ? ಭಾರತದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮ 2010ರಲ್ಲಿ ಶುರುವಾಯಿತು. 2011ರಿಂದ ಅದರ ರಾಷ್ಟ್ರೀಯ ಕೇಂದ್ರ ಘಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್. ಮಾತ್ರೆ ಕರ್ನಾಟಕದಲ್ಲಿ ಕೊಂಡದ್ದು, ತೊಂದರೆ ತಮಿಳುನಾಡಿನಲ್ಲಿ ಕಂಡದ್ದು ಎಂಬ ತಕರಾರು ಇಲ್ಲಿಲ್ಲ. ಗಡಿಯವರಾದ ನಮಗೆ ಇಂಥ ಕಚೇರಿ ಅಪರೂಪ! ಮೆಡಿಕಲ್ ಶಾಪಿನವರು ಶಂಕಿತ ಅಡ್ಡಪರಿಣಾಮದ ಫಾರಂ ತುಂಬಿ ಹತ್ತಿರದ ನಿಗಾ ಕೇಂದ್ರಕ್ಕೆ ಕೊಡಬಹುದು. ಇಂಥ ಕೇಂದ್ರಗಳು ಹೆಚ್ಚಾಗಿ ಮೆಡಿಕಲ್ ಕಾಲೇಜುಗಳಲ್ಲಿವೆ. ಮೊಬೈಲಿನ ADR PvPI ಆ್ಯಪ್‌ನಲ್ಲೂ ಕಳಿಸಬಹುದು. ರೋಗಿಗಳೇ ತುಂಬುವ ಸರಳ ಫಾರಂ ಕನ್ನಡ, ತಮಿಳು ಎರಡರಲ್ಲೂ ಇದೆ.

ಬಾಳೆಲ್ಲ ಫಾರಂ ನೋಡಿಯೇ ಕಳೆದ ನನಗೆ ಇದು ಕಷ್ಟದ ಫಾರಂ ಅನ್ನಿಸಲಿಲ್ಲ. ನಾಲ್ಕು ಸಂಗತಿ ಇಲ್ಲದಿದ್ದರೆ ಮಾತ್ರ ಅದು ಕೆಲಸಕ್ಕೆ ಬಾರದು: ರೋಗಿ ಯಾರು (ಹೆಸರಿನ ಮೊದಲಕ್ಷರ, ವಯಸ್ಸು ಸಾಕು), ಏನಾಯಿತು, ಯಾವ ಔಷಧ, ವರದಿ ಮಾಡಿದವರು ಯಾರು. ಇದರ ಜೊತೆಗೆ ತಾರೀಖುಗಳು ಬಹಳ ಮುಖ್ಯ. ಮಾತ್ರೆ ಶುರುಮಾಡಿದ್ದು, ಮಚ್ಚೆ ಎದ್ದದ್ದು, ನಿಲ್ಲಿಸಿದ್ದು, ಇಳಿದದ್ದು. ಔಷಧಕ್ಕೂ ತೊಂದರೆಗೂ ಸಂಬಂಧ ಎಷ್ಟು ಎಂದು ತಜ್ಞರು ಅಳೆಯುವುದು ಮುಖ್ಯವಾಗಿ ಇವುಗಳಿಂದಲೇ. ವರದಿ ಕೊಟ್ಟರೆ ವೈದ್ಯರದೋ ಕಂಪನಿಯದೋ ತಪ್ಪು ಒಪ್ಪಿಕೊಂಡಂತೆ ಅಲ್ಲ; ರೋಗಿಯ ಗುರುತೂ ಗುಟ್ಟಾಗಿಯೇ ಉಳಿಯುತ್ತದೆ.

ಸಣ್ಣ ಅಂಗಡಿಗಳಲ್ಲಿ ಎಡವುವುದು ಬ್ಯಾಚ್ ನಂಬರಿನಲ್ಲಿ. ನಾಲ್ಕೇ ಮಾತ್ರೆ ಕೇಳಿದರೆ ಪಟ್ಟಿಯನ್ನು ಕತ್ತರಿಸಿ ಕೊಡುತ್ತಾರೆ, ನಂಬರು ಉಳಿದ ತುಂಡಿನಲ್ಲೇ ಹೋಗುತ್ತದೆ. ಬಿಲ್ಲಿನಲ್ಲಿ ನಂಬರು ಬರೆಸಿಕೊಳ್ಳುವುದು, ಅಥವಾ ಪಟ್ಟಿಯ ಫೋಟೋ ತೆಗೆದುಕೊಳ್ಳುವುದು ಒಳ್ಳೆಯದು.

ಒಂದು ವರದಿಯಿಂದ ಏನೂ ಆಗದು, ನಿಜ. ಬೇರೆ ಬೇರೆ ಊರುಗಳಿಂದ ಒಂದೇ ತರಹದವು ಸೇರಿದಾಗ ಎಚ್ಚರಿಕೆ ಹೊರಡುತ್ತದೆ. ಮುಟ್ಟಿನ ನೋವಿಗೆ ಎಲ್ಲೆಡೆ ಮಾರುವ ಮೆಫೆನಾಮಿಕ್ ಆಸಿಡ್ ಬಗ್ಗೆ 2023ರ ನವೆಂಬರ್ 30ರಂದು ಕಮಿಷನ್ ಹೀಗೆಯೇ ಎಚ್ಚರಿಸಿತು. ಜ್ವರ, ದದ್ದು, ಗ್ರಂಥಿ ಊತದ ಜೊತೆಗೆ ಒಳಗಿನ ಅಂಗಗಳಿಗೂ ತಗಲುವ ‘ಡ್ರೆಸ್’ ಎಂಬ ತೊಂದರೆ ಅದು. ಸಾಮಾನ್ಯವಾಗಿ ಎರಡರಿಂದ ಎಂಟು ವಾರ ತಡವಾಗಿ ಬರುವುದರಿಂದ ಮಾತ್ರೆಯ ನೆನಪೇ ಯಾರಿಗೂ ಇರುವುದಿಲ್ಲ.

ನಮ್ಮ ಮಂಡಿಯವರಿಗೆ ಅಂಗಡಿಯವರು ಒಂದು ಚೀಟಿಯಲ್ಲಿ ಎರಡೂ ಔಷಧಗಳ ಮೂಲ ಹೆಸರು ಬರೆದುಕೊಟ್ಟು, ಯಾವ ವೈದ್ಯರ ಬಳಿ ಹೋದರೂ ಮೊದಲು ಇದನ್ನು ತೋರಿಸಿ ಎಂದು ಹೇಳಿ ಕಳಿಸಬೇಕು. ಫಾರಂ ಬಗ್ಗೆ, ಹತ್ತಿರದ ಕೇಂದ್ರದ ಬಗ್ಗೆ ಕೇಳಲು ಉಚಿತ ದೂರವಾಣಿ 1800-180-3024. ಕೆಲಸದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಸಂಜೆ 5.30ರವರೆಗೆ.

– ಕಾರ್ಯದರ್ಶಿ