ದಾನಿಗಳಿಗೊಂದು ಓಲೆ

ಸಣ್ಣ ಕಾಲೇಜೊಂದರ ಗ್ರಂಥಾಲಯದಲ್ಲಿ ತಾಳೆಗರಿಯ ಕಟ್ಟುಗಳು ಶಿಥಿಲವಾಗುತ್ತಿವೆ. ಡಿಜಿಟಲೀಕರಣಕ್ಕೆ ಹಣ ಕೇಳುವ ಪತ್ರದಲ್ಲಿ ಏನಿರಬೇಕು?

ಇಂಥ ಮನವಿ ಪತ್ರಗಳು ಕೌಟಿಲ್ಯನಿಂದ ಶುರುವಾಗುವುದುಂಟು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅರ್ಥಶಾಸ್ತ್ರವನ್ನು ಗುರುತಿಸಿದ್ದು, 1909ರಲ್ಲಿ ಅದು ಅಚ್ಚಾದದ್ದು ಹೆಮ್ಮೆಯ ಸಂಗತಿಯೇ. ಆದರೆ ಓದಿದ ದಾನಿಗೆ ಅದು ಗೊತ್ತು. ಅವರಿಗೆ ಗೊತ್ತಿಲ್ಲದ್ದು ತಮ್ಮ ಹಣ ಯಾವ ಕೆಲಸಕ್ಕೆ ಹೋಗುತ್ತದೆ ಎಂಬುದು. ಪತ್ರ ಬರೆಯುವ ಗ್ರಂಥಪಾಲಕರು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ಒಂದು ಕಟ್ಟಿನ ಲೆಕ್ಕ

ಉದಾಹರಣೆಗೆ 150 ಗರಿಗಳ ಒಂದು ಕಟ್ಟನ್ನು ತೆಗೆದುಕೊಳ್ಳೋಣ. ಗರಿಯ ಉದ್ದ 45 ಸೆಂಟಿಮೀಟರ್, ಅಗಲ 4. ಸಾಮಾನ್ಯ ಸ್ಕ್ಯಾನರಿನಲ್ಲಿ ಅದು ಹಿಡಿಸುವುದಿಲ್ಲ. ಮೇಲಾಗಿ, ಒಣಗಿ ಸೊಟ್ಟಗಾದ ಗರಿಯನ್ನು ಗಾಜಿನ ಮೇಲಿಟ್ಟು ಮುಚ್ಚಳ ಒತ್ತಿದರೆ ಸೀಳುತ್ತದೆ. ಹಾಗಾಗಿ ಮೇಲಿನಿಂದ ನೋಡುವ ಕ್ಯಾಮೆರಾ ಬೇಕು. ಅಂಗುಲಕ್ಕೆ 600 ಬಿಂದುಗಳ ಸ್ಪಷ್ಟತೆ ಬೇಕೆಂದರೆ ಈ ಗರಿಯ ಉದ್ದಕ್ಕೆ ಸುಮಾರು 10,600 ಪಿಕ್ಸೆಲ್ ಆಗುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು ಸುಮಾರು 6,000. ಆದ್ದರಿಂದ ಒಂದೊಂದು ಮಗ್ಗುಲನ್ನೂ ಎರಡು ಮೂರು ಭಾಗಗಳಲ್ಲಿ ತೆಗೆದು ಜೋಡಿಸಬೇಕು.

ಸಂಗ್ರಹದ ಖರ್ಚು ಮಾತ್ರ ದೊಡ್ಡದಲ್ಲ. ಒಂದು ಮಗ್ಗುಲಿನ ಚಿತ್ರ ಸುಮಾರು 30 ಎಂಬಿ. 300 ಮಗ್ಗುಲಿಗೆ 9 ಜಿಬಿ. ಬೇರೆ ಬೇರೆ ಜಾಗದಲ್ಲಿ ಮೂರು ಪ್ರತಿ ಇಟ್ಟರೂ 27 ಜಿಬಿ. ಅಷ್ಟು ಒಂದು ಪೆನ್‌ಡ್ರೈವಿನಲ್ಲಿ ಹಿಡಿಸುತ್ತದೆ. ಹಾಗಾದರೆ ಹಣ ಖರ್ಚಾಗುವುದು ಎಲ್ಲಿ? ಗರಿ ಮುಟ್ಟುವ ಕೈಗಳ ಸಂಬಳದಲ್ಲಿ.

ಕ್ಯಾಮೆರಾ ಆಮೇಲೆ

ಕಟ್ಟು ಬಿಚ್ಚಿದ ಕೂಡಲೇ ಗರಿಗಳ ಕ್ರಮವನ್ನು ಬರೆದಿಡಬೇಕು. ದಾರ ತೆಗೆದ ಮೇಲೆ ಅಂಚಿನ ಸಂಖ್ಯೆ ಮಾಸಿದ ಗರಿಗಳ ಕ್ರಮ ತಪ್ಪಿದರೆ, ಪಠ್ಯ ಓದಬಲ್ಲ ವಿದ್ವಾಂಸರು ಸಿಗುವವರೆಗೆ ಸರಿಪಡಿಸಲಾಗದು. ಆಮೇಲೆ ಮೆತ್ತನೆಯ ಕುಂಚದಿಂದ ಧೂಳು ತೆಗೆಯಬೇಕು. ಅಂಟಿಕೊಂಡ ಗರಿಗಳನ್ನು ಬಲವಂತವಾಗಿ ಬಿಡಿಸಿದರೆ ಒಂದರ ಮೇಲ್ಮೈ ಇನ್ನೊಂದರ ಜೊತೆ ಕಿತ್ತು ಬರುತ್ತದೆ. ಅವನ್ನು ತಜ್ಞರಿಗೆಂದು ಬದಿಗಿಡುವುದೇ ಸರಿ.

ಕಂಟದಿಂದ ಕೊರೆದ ಅಕ್ಷರ ಮಾಸಿದ್ದರೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ತೀಡುವುದು ಹಳೆಯ ರೂಢಿ. ಇಲ್ಲಿ ಎಚ್ಚರಿಕೆ ಬೇಕು. ಎಲ್ಲ ಗರಿಗಳೂ ಕೊರೆದವಲ್ಲ. ಮೂಡಬಿದಿರೆಯ ಧವಳಾ ಪ್ರತಿಯಂಥವು ಶಾಯಿಯಿಂದ ಬರೆದವು. ಅಂಥದ್ದನ್ನು ಒದ್ದೆ ಹತ್ತಿಯಿಂದ ಒರೆಸಿದರೆ ಅಕ್ಷರವೇ ಅಳಿಯಬಹುದು. ಮೊದಲು ಮೂಲೆಯ ಒಂದು ಚುಕ್ಕೆಯಲ್ಲಿ ಪರೀಕ್ಷಿಸಿ ನೋಡಬೇಕು. ಕೊರೆದ ಗರಿಗೆ ಇನ್ನೊಂದು ದಾರಿಯಿದೆ: ದೀಪವನ್ನು ಪಕ್ಕದಿಂದ, ತೀರ ತಗ್ಗಿನ ಕೋನದಲ್ಲಿ ಹಿಡಿದರೆ ಗೀರಿನ ನೆರಳೇ ಅಕ್ಷರವಾಗಿ ಕಾಣುತ್ತದೆ. ಮಸಿ ಸೋಕಿಸದೆಯೇ ಚಿತ್ರ ತೆಗೆಯಬಹುದು.

ಕೊನೆಯ ಕೆಲಸ ಸೂಚಿ. ಗರಿಯ ಅಂಚಿನ ಸಂಖ್ಯೆಯನ್ನು ಫೈಲಿನ ಹೆಸರಿಗೆ ಸೇರಿಸಬೇಕು. ಸಂಖ್ಯೆ 37ರ ನಂತರ 39 ಬಂದರೆ, ಗರಿ ಕಳೆದಿದೆಯೋ ಎರಡು ಅಂಟಿವೆಯೋ ಎಂದು ಆಗಲೇ ನೋಡಬೇಕು. ಕೃತಿ, ಲಿಪಿ, ಆದಿ, ಅಂತ್ಯ ದಾಖಲಾಗದ ಚಿತ್ರ ಯಾರ ಹುಡುಕಾಟಕ್ಕೂ ಸಿಗುವುದಿಲ್ಲ. ತಿಗಳಾರಿ, ನಂದಿನಾಗರಿ ಓದಬಲ್ಲವರ ಗೌರವಧನವೂ ಬಜೆಟ್ಟಿನಲ್ಲಿರಲಿ.

ಹಣ ಬರುವ ದಾರಿ

ಹೊರದೇಶದ ಹಳೆಯ ವಿದ್ಯಾರ್ಥಿಗಳಿಗೆ ಬರೆಯುವ ಮುನ್ನ ಒಂದು ವಿಷಯ ಖಚಿತಪಡಿಸಿಕೊಳ್ಳಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವುದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದವರು ಕನ್ನಡಿಗರೇ ಆದರೂ ಅವರ ಹಣ ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ಕಾಯ್ದೆ, 2010ರ ಪ್ರಕಾರ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಅದನ್ನು ಪಡೆಯುವಂತಿಲ್ಲ.

ಇಷ್ಟಾದ ಮೇಲೆ ಪತ್ರದ ತಿರುಳು ಹೀಗಿರಬಹುದು:

*ಮಾನ್ಯರೇ, ನಮ್ಮಲ್ಲಿರುವ ಕಟ್ಟುಗಳ ಪಟ್ಟಿಯನ್ನೂ, ಅವುಗಳಲ್ಲಿ ಯಾವುದು ಮೊದಲು ಎಂಬುದನ್ನೂ ಇದರೊಂದಿಗೆ ಇಟ್ಟಿದ್ದೇವೆ. ತಾವು ಒಂದು ಕಟ್ಟಿನ ವೆಚ್ಚ ಕೊಟ್ಟರೆ ಅದರ ಶುಚಿ, ಚಿತ್ರ, ಸೂಚಿ, ಹೊಸ ಬಟ್ಟೆ ಮತ್ತು ಪೆಟ್ಟಿಗೆ ಎಲ್ಲವೂ ಅದರಲ್ಲೇ ಆಗುತ್ತದೆ. ಚಿತ್ರ ತೆಗೆದ ಮಾತ್ರಕ್ಕೆ ಗರಿ ಹಾಳಾಗುವುದು ನಿಲ್ಲುವುದಿಲ್ಲ. ಅದಕ್ಕೇ ಬಟ್ಟೆ, ಪೆಟ್ಟಿಗೆಯ ಬಾಬತ್ತನ್ನೂ ಕೇಳುತ್ತಿದ್ದೇವೆ. ಕೆಲಸ ಮುಗಿದಾಗ ಗರಿಗಳೆಷ್ಟು, ಚಿತ್ರಗಳೆಷ್ಟು, ಬಿಡಿಸಲಾಗದೆ ಉಳಿದವೆಷ್ಟು ಎಂಬ ಲೆಕ್ಕವನ್ನು ಖರ್ಚಿನ ರಸೀದಿಗಳೊಂದಿಗೆ ಕಳಿಸುತ್ತೇವೆ. ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು.*