ರಾತ್ರಿ ಎರಡು ಗಂಟೆಯ ಬಿಲ್ ಮತ್ತು ಒಂದು ಕವರ್ ಲೆಟರ್

ಸಪೋರ್ಟ್ ಎಂಜಿನಿಯರ್ ಆಗಿದ್ದವರು ಟೆಸ್ಟರ್ ಕೆಲಸಕ್ಕೆ ಅರ್ಜಿ ಹಾಕುವಾಗ ಕವರ್ ಲೆಟರಿನಲ್ಲಿ ಮೊದಲು ಬರೆಯುವುದು ಟಿಕೆಟ್ ಲೆಕ್ಕ. ತಿಂಗಳಿಗೆ ಇಷ್ಟು ದೂರು ಮುಗಿಸಿದೆ, ಒಂದೂ ಗಡುವು ಮೀರಲಿಲ್ಲ, ಗ್ರಾಹಕರು ಒಳ್ಳೆಯ ರೇಟಿಂಗ್ ಕೊಟ್ಟರು. ಸಪೋರ್ಟ್ ಮ್ಯಾನೇಜರಿಗೆ ಇದು ಖುಷಿ ಕೊಡುವ ಲೆಕ್ಕ. ಟೆಸ್ಟಿಂಗ್ ತಂಡದ ಲೀಡ್‌ಗೆ ಇದರಿಂದ ಏನೂ ತಿಳಿಯುವುದಿಲ್ಲ. ಇಷ್ಟು ಬೇಗ ಟಿಕೆಟ್ ಮುಚ್ಚಿದವರು ದೋಷದ ಮೂಲ ಹುಡುಕಿದ್ದರೋ, ತಾತ್ಕಾಲಿಕ ಉಪಾಯ ಹೇಳಿ ಕಳಿಸಿದ್ದರೋ ಎಂಬ ಅನುಮಾನವೂ ಬರಬಹುದು.

ಆ ಪತ್ರದಲ್ಲಿ ಇರಬೇಕಾದದ್ದು ಒಂದೇ ಒಂದು ಬಗ್‌ನ ಕಥೆ, ಪೂರ್ತಿಯಾಗಿ. ಒಂದು ಉದಾಹರಣೆ ನೋಡೋಣ. ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಕಂಪನಿ. ಆಗಾಗ ಒಂದು ದೂರು: ‘ಇವತ್ತಿನ ರಿಪೋರ್ಟಿನಲ್ಲಿ ಕೆಲವು ಬಿಲ್ ಕಾಣೆ.’ ಡೆವಲಪರ್‌ಗಳು ಹಗಲಲ್ಲಿ ಬಿಲ್ ಹಾಕಿ ನೋಡಿ ‘ನಮ್ಮಲ್ಲಿ ಸರಿಯಾಗೇ ಬರುತ್ತಿದೆ’ ಎಂದು ವಾಪಸ್ ಕಳಿಸುತ್ತಾರೆ. ಸಪೋರ್ಟಿನವರು ಅಂಗಡಿಯವರಿಗೆ ‘ಹಿಂದಿನ ದಿನದ ರಿಪೋರ್ಟ್ ತೆಗೆದು ನೋಡಿ, ಅಲ್ಲಿರುತ್ತದೆ’ ಎಂದು ಹೇಳುತ್ತಾರೆ. ನಿಜಕ್ಕೂ ಅಲ್ಲಿರುತ್ತದೆ. ಟಿಕೆಟ್ ಮುಗಿಯಿತು, ದೋಷ ಹಾಗೇ ಉಳಿಯಿತು.

ಒಬ್ಬ ಎಂಜಿನಿಯರ್ ಮಾತ್ರ ಹಳೆಯ ದೂರುಗಳನ್ನು ಒಟ್ಟಿಗೆ ಇಟ್ಟುಕೊಂಡು ಕಾಣೆಯಾದ ಬಿಲ್‌ಗಳ ಸಮಯ ನೋಡಿದರು ಎಂದುಕೊಳ್ಳಿ. ದೂರು ಕೊಟ್ಟ ಅಂಗಡಿಗಳೆಲ್ಲ ರಾತ್ರಿಯಿಡೀ ತೆರೆದಿರುವಂಥವು. ಬಿಲ್‌ಗಳೆಲ್ಲ ನಡುರಾತ್ರಿ 12ರಿಂದ ಬೆಳಗಿನ ಜಾವ 5:30ರೊಳಗಿನವು. ಈ ಐದೂವರೆ ಗಂಟೆಯೇ ಸುಳಿವು. ಸರ್ವರ್ ಸಮಯ ಬರೆದಿಡುವುದು ಯುಟಿಸಿಯಲ್ಲಿ; ಭಾರತದ ಸಮಯ ಅದಕ್ಕಿಂತ ಸರಿಯಾಗಿ ಐದೂವರೆ ಗಂಟೆ ಮುಂದೆ. ಏಪ್ರಿಲ್ 1ರ ರಾತ್ರಿ ಎರಡು ಗಂಟೆಗೆ ಹಾಕಿದ ಬಿಲ್ ಸರ್ವರ್ ಪಾಲಿಗೆ ಮಾರ್ಚ್ 31ರ ರಾತ್ರಿ 8:30. ರಿಪೋರ್ಟ್ ಆ ತಾರೀಖನ್ನು ಬದಲಾಯಿಸದೆ ಹಾಗೇ ಎತ್ತಿಕೊಂಡಿತು. ಉಳಿದ ದಿನಗಳಲ್ಲಿ ಇದು ಒಂದು ದಿನದ ಹಿಂದುಮುಂದು. ಏಪ್ರಿಲ್ 1ರಂದು ಮಾರಾಟವೇ ಕಳೆದ ಹಣಕಾಸು ವರ್ಷಕ್ಕೆ ಸೇರಿಬಿಡುತ್ತದೆ. ಆಡಿಟರ್ ಫೋನ್ ಮಾಡುವುದು ಆಗಲೇ.

ಇದನ್ನು ಪತ್ರದಲ್ಲಿ ಬರೆದರೆ ಹೀಗಿರಬಹುದು:

‘ರಿಪೋರ್ಟಿನಲ್ಲಿ ಬಿಲ್ ಕಾಣೆಯಾಗುವ ದೂರುಗಳನ್ನು ಹೋಲಿಸಿ ನೋಡಿದಾಗ, ಎಲ್ಲವೂ ರಾತ್ರಿ 12ರಿಂದ 5:30ರ ನಡುವಿನವು ಎಂದು ಕಂಡುಬಂತು. ಟೆಸ್ಟ್ ಸರ್ವರ್‌ನಲ್ಲಿ ರಾತ್ರಿ 11:59, 12:00, ಬೆಳಿಗ್ಗೆ 5:29 ಮತ್ತು 5:30ಕ್ಕೆ ಒಂದೊಂದು ಬಿಲ್ ಹಾಕಿದೆ. ನಡುವಿನ ಎರಡು ಮಾತ್ರ ಹಿಂದಿನ ದಿನಕ್ಕೆ ಹೋದವು. ಬರಬೇಕಿದ್ದ ಫಲಿತಾಂಶ, ಬಂದ ಫಲಿತಾಂಶ ಎರಡನ್ನೂ ಡೇಟಾಬೇಸ್ ಸಾಲುಗಳ ಸಮೇತ ಡೆವಲಪರ್‌ಗೆ ಕೊಟ್ಟೆ. ತಿದ್ದಿದ ಮೇಲೆ ಅದೇ ನಾಲ್ಕು ಬಿಲ್‌ಗಳನ್ನು ತಿಂಗಳ ಕೊನೆಯ ದಿನಕ್ಕೂ ಹಾಕಿ ಪರೀಕ್ಷಿಸಿದೆ.’

‘ನನಗೆ ಟೆಸ್ಟಿಂಗ್‌ನಲ್ಲಿ ಅಪಾರ ಆಸಕ್ತಿ’ ಎಂಬ ಸಾಲು ಇದರಲ್ಲಿ ಇಲ್ಲ, ಬೇಕಾಗಿಯೂ ಇಲ್ಲ. ಆ ನಾಲ್ಕು ಸಮಯಗಳನ್ನು ನೋಡಿದ ಲೀಡ್‌ಗೆ ವಿಷಯ ಅರ್ಥವಾಗುತ್ತದೆ. ದೋಷ ಶುರುವಾಗುವ ಗಡಿಯ ಈಚೆ ಒಂದು, ಆಚೆ ಒಂದು. ಮುಗಿಯುವ ಗಡಿಗೂ ಹಾಗೆಯೇ. ಟೆಸ್ಟರ್‌ಗಳು ಇದನ್ನು ಬೌಂಡರಿ ವ್ಯಾಲ್ಯೂ ಅನಾಲಿಸಿಸ್ ಎನ್ನುತ್ತಾರೆ. ಹೆಸರು ಗೊತ್ತಿಲ್ಲದೆಯೂ ಇದನ್ನು ಮಾಡುವ ಸಪೋರ್ಟ್ ಎಂಜಿನಿಯರ್‌ಗಳು ಎಷ್ಟೋ ಜನ ಇದ್ದಾರೆ. ಹೆಸರು ಕಲಿಯಲು ಐಎಸ್‌ಟಿಕ್ಯೂಬಿ ಫೌಂಡೇಶನ್ ಪರೀಕ್ಷೆ ಇದೆ: 40 ಪ್ರಶ್ನೆ, 60 ನಿಮಿಷ, ಪಾಸಾಗಲು 26 ಅಂಕ. ಪಾಸಾಗಿದ್ದರೆ ಪತ್ರದಲ್ಲಿ ಒಂದು ಸಾಲು ಸಾಕು.

ಗ್ರಾಹಕರ ಹೆಸರು, ಸರ್ವರ್ ವಿವರ, ನಿಜವಾದ ಬಿಲ್ಲಿನ ಚಿತ್ರ ಪತ್ರದಲ್ಲಿ ಬರಬಾರದು. ಹಳೆಯ ಕಂಪನಿಯ ಗುಟ್ಟನ್ನು ಇಲ್ಲಿ ಬಿಚ್ಚಿಡುವವರು ನಾಳೆ ನಮ್ಮದನ್ನೂ ಬಿಚ್ಚಿಡುತ್ತಾರೆ ಎಂದು ಓದುವವರಿಗೆ ಅನಿಸದೆ ಇರದು. ‘ನೈಟ್ ಶಿಫ್ಟ್ ಸಾಕಾಗಿದೆ’ ಎಂಬುದೂ ಬೇಡ, ಅದು ಎಷ್ಟೇ ನಿಜವಿದ್ದರೂ.

ಆಟೊಮೇಶನ್ ವಿಷಯದಲ್ಲಿ ಹುಷಾರು. ನಾಲ್ಕು ವಿಡಿಯೊ ನೋಡಿ ‘ಸೆಲೆನಿಯಂ ಬಲ್ಲೆ’ ಎಂದು ಬರೆದವರು ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ‘ಡೇಟಾಬೇಸ್‌ನಲ್ಲಿ `SELECT` ಬರೆದು ಮಾಹಿತಿ ತೆಗೆಯುತ್ತೇನೆ, ಲಾಗ್ ಓದುತ್ತೇನೆ; ಆಟೊಮೇಶನ್ ಈಗ ಕಲಿಯುತ್ತಿದ್ದೇನೆ’ ಎಂದರೆ ಸಾಕು. ಮ್ಯಾನುಯಲ್ ಟೆಸ್ಟಿಂಗ್ ಹುದ್ದೆಗೆ ಅಷ್ಟು ನಡೆಯುತ್ತದೆ. ಜಾಹೀರಾತಿನಲ್ಲೇ ಸ್ಕ್ರಿಪ್ಟ್ ಬರೆಯುವ ಅನುಭವ ಕಡ್ಡಾಯ ಎಂದಿದ್ದರೆ ಎಂಥ ಪತ್ರವೂ ಆ ಕೊರತೆಯನ್ನು ಮುಚ್ಚಲಾರದು.

ಪತ್ರ ಕೆಲಸ ಮಾಡಿದರೆ ಸಂದರ್ಶನ ಆ ಬಿಲ್‌ನಿಂದಲೇ ಶುರುವಾಗುತ್ತದೆ. ಅದಕ್ಕೇ ಅಲ್ಲಿ ಬರೆದದ್ದು ನೀವೇ ಮಾಡಿದ್ದಾಗಿರಬೇಕು. ಹಳೆಯ ಬಿಲ್‌ಗಳ ತಾರೀಖು ಏನಾಯಿತು ಎಂದು ಕೇಳುತ್ತಾರೆ: ಉಳಿಸಿಟ್ಟ ಸಮಯ ಸರಿಯಾಗೇ ಇತ್ತು, ತಪ್ಪಿದ್ದು ರಿಪೋರ್ಟಿನದು, ಹಾಗಾಗಿ ರಿಪೋರ್ಟ್ ತಿದ್ದಿದರೆ ಹಳೆಯವೂ ಸರಿಹೋಗಬೇಕು. ಇದೇ ಸಾಫ್ಟ್‌ವೇರನ್ನು ದುಬೈನಲ್ಲಿ ಮಾರಿದರೆ ಯಾವ ಸಮಯಕ್ಕೆ ಪರೀಕ್ಷೆ ಮಾಡುತ್ತೀರಿ ಎಂದೂ ಕೇಳಬಹುದು. ಅಲ್ಲಿಯ ಸಮಯ ಯುಟಿಸಿಗಿಂತ 4 ಗಂಟೆ ಮುಂದೆ. ಆಗ ಬೆಳಗಿನ ಬಿಲ್‌ಗಳನ್ನು 3:59ಕ್ಕೊಂದು, 4:00ಕ್ಕೊಂದು ಹಾಕಬೇಕು.