ಲಾಗ್ ವಿಡಿಯೊ: ಬೆಳಕು ಸಾಲದಿದ್ದರೆ ಬಣ್ಣವೂ ಸಾಲದು

ಮದುವೆಯ ವಿಡಿಯೊ ಮನೆಗೆ ಬಂದಾಗ ಎಲ್ಲರೂ ಮೊದಲು ನೋಡುವುದು ಮುಖಗಳನ್ನು. ಧಾರೆಯ ಹೊತ್ತಿನಲ್ಲಿ ವಧುವಿನ ಕೆನ್ನೆ ಮಂಕಾಗಿ, ಸ್ವಲ್ಪ ಹಸಿರುಗಟ್ಟಿದಂತೆ ಕಾಣುತ್ತದೆ. ವರನ ಹಿಂದೆ ನಿಂತ ಸೋದರಮಾವನ ಕಪ್ಪು ಕೋಟಿನಲ್ಲಿ ಚುಕ್ಕಿಗಳು ಬಿಡುವಿಲ್ಲದೆ ಕುದಿಯುತ್ತಿರುತ್ತವೆ. ಕ್ಯಾಮೆರಾ ಒಳ್ಳೆಯದೇ, ಲೆನ್ಸೂ ಒಳ್ಳೆಯದೇ. ಚಿತ್ರೀಕರಿಸಿದವರು ಲಾಗ್ ಪ್ರೊಫೈಲ್ ಬಳಸಿದ್ದರು, ಆದರೆ ಅದಕ್ಕೆ ಬೇಕಾದಷ್ಟು ಬೆಳಕು ಕೊಟ್ಟಿರಲಿಲ್ಲ.

ಕ್ಯಾಮೆರಾದ ಸೆನ್ಸರ್ ಬೆಳಕನ್ನು ಇದ್ದ ಹಾಗೆಯೇ ಎಣಿಸುತ್ತದೆ. ಬೆಳಕು ಎರಡರಷ್ಟಾದರೆ ಅಂಕಿಯೂ ಎರಡರಷ್ಟಾಗುತ್ತದೆ. ಛಾಯಾಗ್ರಾಹಕರ ಮಾತಿನಲ್ಲಿ ಈ ಒಂದು ದುಪ್ಪಟ್ಟೇ ಒಂದು ಸ್ಟಾಪ್. ಎಣಿಕೆಯನ್ನು ಹಾಗೆಯೇ ಫೈಲಿಗೆ ಬರೆದರೆ ಇರುವ ಅಂಕಿಗಳಲ್ಲಿ ಅರ್ಧದಷ್ಟನ್ನು ಅತಿ ಪ್ರಕಾಶದ ಒಂದೇ ಸ್ಟಾಪ್ ನುಂಗಿಬಿಡುತ್ತದೆ, ನೆರಳಿನ ಭಾಗಕ್ಕೆ ಬೆರಳೆಣಿಕೆಯಷ್ಟು ಉಳಿಯುತ್ತವೆ. ಲಾಗ್ ಪ್ರೊಫೈಲ್ ಈ ಅಂಕಿಗಳನ್ನು ಸ್ಟಾಪ್‌ಗಳ ನಡುವೆ ಹೆಚ್ಚುಕಡಿಮೆ ಸಮನಾಗಿ ಹಂಚುತ್ತದೆ. ಸಿನಿಮಾ ಫಿಲ್ಮನ್ನು ಸ್ಕ್ಯಾನ್ ಮಾಡಲು ಕೊಡಾಕ್ ಕಂಪನಿ 1990ರ ದಶಕದಲ್ಲಿ ರೂಪಿಸಿದ ಸಿನಿಯಾನ್ ಪದ್ಧತಿಯ ದಾರಿಯಲ್ಲೇ ಸೋನಿಯ ಎಸ್-ಲಾಗ್3 ಕೂಡ ಸಾಗುತ್ತದೆ. ಹೀಗೆ ಹಂಚಿದ ಚಿತ್ರ ತೆರೆಯ ಮೇಲೆ ಬಣ್ಣ ಬಿಟ್ಟಂತೆ, ಸಪ್ಪೆಯಾಗಿ ಕಾಣುವುದು ಸಹಜ. ಎಡಿಟಿಂಗ್‌ನಲ್ಲಿ ಲಟ್ ಹಾಕಿ ಅದಕ್ಕೆ ಕಾಂಟ್ರಾಸ್ಟ್ ಮತ್ತು ಬಣ್ಣವನ್ನು ಮರಳಿ ಕೊಡಲಾಗುತ್ತದೆ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಸಪ್ಪೆ ಚಿತ್ರದಲ್ಲಿ ನೆರಳಿನ ವಿವರಗಳು ಎದ್ದು ಕಾಣುವುದರಿಂದ, ಲಾಗ್ ಕತ್ತಲೆಯಲ್ಲೂ ಎಲ್ಲವನ್ನೂ ಹಿಡಿದಿಡುತ್ತದೆ ಎಂದು ಅನೇಕರು ನಂಬುತ್ತಾರೆ. ಸೆನ್ಸರಿಗೆ ಬೀಳದ ಬೆಳಕನ್ನು ಯಾವ ಪ್ರೊಫೈಲೂ ತಂದುಕೊಡಲಾರದು. ಸಾಮಾನ್ಯ ಪ್ರೊಫೈಲ್‌ನಲ್ಲಿ ಕಪ್ಪು ಭಾಗವನ್ನು ಕೆಳಕ್ಕೆ ಒತ್ತುವುದರಿಂದ ನಾಯ್ಸ್ ಮುಚ್ಚಿಹೋಗುತ್ತದೆ. ಲಾಗ್ ಅದೇ ಭಾಗವನ್ನು ಮೇಲಕ್ಕೆತ್ತಿ ತೋರಿಸುತ್ತದೆ, ನಾಯ್ಸನ್ನೂ ಸೇರಿಸಿ.

ನಾಯ್ಸ್‌ಗೆ ಮದ್ದು ಬೆಳಕೇ. ಸೆನ್ಸರಿನ ಮೇಲೆ ಬೀಳುವ ಬೆಳಕು ನಾಲ್ಕು ಪಟ್ಟಾದರೆ, ಅಂದರೆ ಎರಡು ಸ್ಟಾಪ್ ಏರಿದರೆ, ಬೆಳಕಿನದೇ ಏರಿಳಿತದಿಂದ ಬರುವ ನಾಯ್ಸ್‌ಗೆ ಹೋಲಿಸಿದಾಗ ಚಿತ್ರದ ಸ್ವಚ್ಛತೆ ಎರಡು ಪಟ್ಟಾಗುತ್ತದೆ. ಗಾಢ ನೆರಳಿನಲ್ಲಿ ಕ್ಯಾಮೆರಾದ ವಿದ್ಯುನ್ಮಂಡಲದ ನಾಯ್ಸೇ ಹೆಚ್ಚಿರುವುದರಿಂದ ಲಾಭ ಇನ್ನೂ ದೊಡ್ಡದು.

ಬಣ್ಣ ಕೆಡುವುದಕ್ಕೂ ಇದೇ ಮೂಲ. ಹಳದಿ ಬಲ್ಬುಗಳ ಕೆಳಗೆ ನೀಲಿ ಬೆಳಕು ಬಹಳ ಕಡಿಮೆ. ವೈಟ್ ಬ್ಯಾಲೆನ್ಸ್ ಸರಿಪಡಿಸಲು ಕ್ಯಾಮೆರಾ ನೀಲಿ ಚಾನೆಲ್ಲನ್ನು ಎತ್ತುತ್ತದೆ, ಅದರ ಜೊತೆಗೆ ನಾಯ್ಸೂ ಏಳುತ್ತದೆ. ಫೈಲ್ ಕುಗ್ಗಿಸುವ ಹಂತದಲ್ಲಿ ನೆರಳಿನ ಸೂಕ್ಷ್ಮ ಬಣ್ಣವ್ಯತ್ಯಾಸಗಳು ಅಳಿಸಿಹೋಗಿ ತೇಪೆಗಳಷ್ಟೇ ಉಳಿಯುತ್ತವೆ. ಆ ಫೈಲನ್ನು ಎಡಿಟಿಂಗ್‌ನಲ್ಲಿ ಎರಡು ಸ್ಟಾಪ್ ಎತ್ತಿದರೆ ಮುಖದ ಮೇಲೆ ಹಸಿರು, ನೇರಳೆ ಕಲೆಗಳು ಮೂಡುತ್ತವೆ.

ಹಾಗಾದರೆ ಎಷ್ಟು ಬೆಳಕು ಬೇಕು? ಎಸ್-ಲಾಗ್3ರಲ್ಲಿ ಶೇ 18ರ ಗ್ರೇ ಕಾರ್ಡ್ ಶೇ 41ರ ಮಟ್ಟದಲ್ಲಿ ಬೀಳಬೇಕು ಎಂಬುದು ಸೋನಿಯ ಲೆಕ್ಕ. ಬಿಳಿ ಕಾಗದ ಶೇ 61ರಲ್ಲಿ ಬೀಳುತ್ತದೆ. ಬೆಳಕು ಧಾರಾಳವಾಗಿರುವ ಕಡೆ ಇದು ಸಾಕು. ನೆರಳು ಹೆಚ್ಚಿರುವ ಒಳಾಂಗಣದಲ್ಲಿ ಅನುಭವಿಗಳು ಇದಕ್ಕಿಂತ ಒಂದರಿಂದ ಎರಡು ಸ್ಟಾಪ್ ಹೆಚ್ಚು ಕೊಡುತ್ತಾರೆ. ಒಂದು ಸ್ಟಾಪ್ ಹೆಚ್ಚಿಸಿದರೆ ಗ್ರೇ ಕಾರ್ಡ್ ಶೇ 49ಕ್ಕೆ, ಎರಡು ಸ್ಟಾಪ್ ಹೆಚ್ಚಿಸಿದರೆ ಶೇ 58ಕ್ಕೆ ಏರುತ್ತದೆ.

ಕಲ್ಯಾಣ ಮಂಟಪವನ್ನೇ ತೆಗೆದುಕೊಳ್ಳಿ. ಮುಹೂರ್ತಕ್ಕೆ ಮೊದಲು ವಧೂವರರು ಕೂರುವ ಜಾಗದಲ್ಲಿ, ಅವರ ಮುಖಕ್ಕೆ ಬೀಳುವ ಬೆಳಕೇ ಬೀಳುವಂತೆ ಗ್ರೇ ಕಾರ್ಡ್ ಹಿಡಿಸಬೇಕು. ಕ್ಯಾಮೆರಾದಲ್ಲಿ ಝೀಬ್ರಾವನ್ನು 58ಕ್ಕೆ, ಆಚೀಚೆ 2ರ ಅಂತರದಲ್ಲಿ ಹೊಂದಿಸಿಕೊಳ್ಳಬೇಕು. ಐಎಸ್ಒ ಅನ್ನು ಆ ಕ್ಯಾಮೆರಾದ ಲಾಗ್‌ಗೆ ಗೊತ್ತುಪಡಿಸಿದ ಮೂಲ ಮಟ್ಟದಲ್ಲೇ ಬಿಡಬೇಕು. ಅನೇಕ ಸೋನಿ ಕ್ಯಾಮೆರಾಗಳಲ್ಲಿ ಅದು 800. ಶಟರ್ 1/50ರಲ್ಲಿದ್ದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ದೀಪಗಳು ಮಿನುಗುವ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಇನ್ನು ಅಪರ್ಚರನ್ನು ತೆರೆಯುತ್ತಾ ಅಥವಾ ಒಂದು ಎಲ್ಇಡಿ ಲೈಟನ್ನು ಹತ್ತಿರ ತರುತ್ತಾ ಕಾರ್ಡಿನ ಮೇಲೆ ಝೀಬ್ರಾ ಗೆರೆ ಮೂಡುವವರೆಗೆ ಹೋಗಬೇಕು.

ಆಗ ವರನ ಬಿಳಿ ಪಂಚೆಯ ಗತಿ? ಅದು ಸುಮಾರು ಶೇ 79ಕ್ಕೆ ಏರಿ ನಿಲ್ಲುತ್ತದೆ. ಎಸ್-ಲಾಗ್3ರ ಮೇಲ್ಮಿತಿ ಸಾಮಾನ್ಯವಾಗಿ ಶೇ 94ರ ಆಸುಪಾಸಿನಲ್ಲಿದೆ, ಆದ್ದರಿಂದ ಪಂಚೆಯ ಮಡಿಕೆಗಳು ಉಳಿಯುತ್ತವೆ. ಎರಡನೇ ಝೀಬ್ರಾವನ್ನು 94ಕ್ಕೆ ಇಟ್ಟರೆ ಏನು ಸುಟ್ಟುಹೋಗುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಬಲ್ಬಿನ ಬುಡ, ಹೋಮದ ಜ್ವಾಲೆಯ ನಡುಭಾಗ ಸುಟ್ಟರೆ ಚಿಂತೆಯಿಲ್ಲ. ಅಕ್ಷತೆ ಬಿದ್ದ ಹಣೆ ಸುಡಬಾರದು. ಸರಿಯಾದ ಮಟ್ಟದಲ್ಲಿ ಮಧ್ಯದ ಬೂದು ಬಣ್ಣದ ಮೇಲೆ ಆರು ಸ್ಟಾಪ್ ಜಾಗವಿರುತ್ತದೆ. ಎರಡು ಸ್ಟಾಪ್ ಏರಿಸಿದಾಗ ನಾಲ್ಕು ಉಳಿಯುತ್ತದೆ. ಹಿಂದೆ ಬಿಸಿಲು ತುಂಬಿದ ಕಿಟಕಿಯಿದ್ದು ಅದರಾಚೆಯ ನೋಟ ಬೇಕಾದರೆ ಒಂದೇ ಸ್ಟಾಪಿಗೆ ನಿಲ್ಲುವುದು ಲೇಸು.

ಎಡಿಟಿಂಗ್‌ನಲ್ಲಿ ಕ್ರಮ ತಪ್ಪಿದರೆ ಈ ಶ್ರಮವೆಲ್ಲ ನೀರುಪಾಲು. ಎರಡು ಸ್ಟಾಪ್ ಹೆಚ್ಚು ಕೊಟ್ಟ ತುಣುಕಿಗೆ ಮೊದಲು ಲಟ್ ಹಾಕಿ ಆಮೇಲೆ ಬೆಳಕು ತಗ್ಗಿಸಿದರೆ, ಲಟ್ ಅಷ್ಟರಲ್ಲಿ ಬಿಳಿ ಭಾಗವನ್ನು ಕತ್ತರಿಸಿರುತ್ತದೆ. ತಗ್ಗಿಸಿದಾಗ ಸಿಗುವುದು ಮಡಿಕೆಗಳಿಲ್ಲದ ಬೂದು ಪಂಚೆ. ಲಟ್‌ಗೆ ಮುಂಚೆಯೇ ತುಣುಕನ್ನು ಎರಡು ಸ್ಟಾಪ್ ಕೆಳಗಿಳಿಸಿ, ಗ್ರೇ ಕಾರ್ಡ್ ಮತ್ತೆ ಶೇ 41ರ ಹತ್ತಿರ ಬಂದಿದೆಯೇ ಎಂದು ವೇವ್‌ಫಾರ್ಮ್‌ನಲ್ಲಿ ನೋಡಿ ಮುಂದುವರಿಯಬೇಕು. ಇಳಿಸುವಾಗ ನಾಯ್ಸ್ ಕೂಡ ಚಿತ್ರದೊಂದಿಗೆ ಕೆಳಗಿಳಿದು ಕಪ್ಪಿನಲ್ಲಿ ಅಡಗುತ್ತದೆ.

ಸಂಜೆಯ ಆರತಕ್ಷತೆಯಲ್ಲಿ ಬೇರೆಯೇ ಅಪಾಯವಿದೆ. ವೇದಿಕೆಯ ನೀಲಿ, ನೇರಳೆ ಎಲ್ಇಡಿ ಬೆಳಕಿನಲ್ಲಿ ಝೀಬ್ರಾವನ್ನು ನಂಬುವಂತಿಲ್ಲ. ಝೀಬ್ರಾ ಅಳೆಯುವುದು ಒಟ್ಟು ಪ್ರಕಾಶವನ್ನು, ಅದರಲ್ಲಿ ನೀಲಿಯ ಪಾಲು ತೀರಾ ಚಿಕ್ಕದು. ಹೀಗಾಗಿ ನೀಲಿ ಚಾನೆಲ್ ತುಂಬಿ ತುಳುಕಿದ್ದರೂ ಗೆರೆ ಮೂಡದೇ ಹೋಗಬಹುದು. ವಧುವಿನ ಮುಖದ ಮೇಲೆ ಆಕಾರವೇ ಇಲ್ಲದ ನೀಲಿ ತೇಪೆ ಬೀಳುವುದು ಹೀಗೆ, ಅದನ್ನು ಯಾವ ಎಡಿಟರೂ ಸರಿಪಡಿಸಲಾರರು. ಅಂಥ ವೇದಿಕೆಯಲ್ಲಿ ಹೆಚ್ಚುವರಿ ಎರಡು ಸ್ಟಾಪ್ ಬೇಡ. ಮುಖಕ್ಕೆ ಸ್ವಲ್ಪ ಬಿಳಿ ಬೆಳಕನ್ನು ಕೇಳಿ ಪಡೆಯುವುದು ಮೇಲು.

ಕೊನೆಯದಾಗಿ ಒಂದು ಮಿತಿ. ಎಸ್-ಲಾಗ್3ರಲ್ಲಿ 10 ಬಿಟ್ ರೆಕಾರ್ಡಿಂಗ್ ಆದರೆ ನಡುಮಟ್ಟದ ಒಂದು ಸ್ಟಾಪಿಗೆ ಸುಮಾರು 75 ಮೆಟ್ಟಿಲು ಸಿಗುತ್ತವೆ, 8 ಬಿಟ್ ಆದರೆ 19 ಮಾತ್ರ. ಅಷ್ಟು ಕಡಿಮೆ ಮೆಟ್ಟಿಲುಗಳನ್ನು ಕಾಂಟ್ರಾಸ್ಟ್ ಕೊಟ್ಟು ಹಿಗ್ಗಿಸಿದಾಗ ಗೋಡೆಯ ನುಣುಪು ಬಣ್ಣ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಕ್ಯಾಮೆರಾ 8 ಬಿಟ್‌ನಲ್ಲಷ್ಟೇ ದಾಖಲಿಸುವುದಾದರೆ ಎಸ್-ಲಾಗ್3 ಬಿಟ್ಟು ಸಾಮಾನ್ಯ ಪ್ರೊಫೈಲ್‌ನಲ್ಲಿ, ವೈಟ್ ಬ್ಯಾಲೆನ್ಸನ್ನು ಸ್ಥಳದಲ್ಲೇ ಸರಿಮಾಡಿಕೊಂಡು ಚಿತ್ರೀಕರಿಸಿ.